ಪೈಲಟ್ ಅಧ್ಯಯನದ ನಂತರ ಮಾದರಿ ಗಾತ್ರ ಬದಲಾದಾಗ ಮಾರ್ಗದರ್ಶಕರಿಗೆ ಬರೆಯುವ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಸ್ತಾವನೆಯಲ್ಲಿ ಗುಂಪಿಗೆ 102 ಜನ ಎಂದು ಬರೆದಿದ್ದ ಸಂಶೋಧನಾರ್ಥಿ, ಪೈಲಟ್ ಎಂಬ ಚಿಕ್ಕ ಪೂರ್ವಭಾವಿ ಅಧ್ಯಯನ ಮುಗಿಸಿ ಬಂದು 210 ಬೇಕು ಎನ್ನುತ್ತಾರೆ. ಮಾರ್ಗದರ್ಶಕರು ಕೇಳುವುದು ಒಂದೇ ಮಾತು: "ನೂರಾ ಎರಡು ಇದ್ದದ್ದು ಇನ್ನೂರಾ ಹತ್ತು ಹೆಂಗಾತು?" ಅದಕ್ಕೆ ಉತ್ತರ ಕೊಡುವ ಪತ್ರ ಹೇಗಿರಬೇಕು, ಅದರ ಹಿಂದಿನ ಲೆಕ್ಕ ಏನು ಎಂಬುದನ್ನು ಇಲ್ಲಿ ಒಂದೇ ಉದಾಹರಣೆಯ ಮೇಲೆ ಹೇಳಿದೆ. ಉದಾಹರಣೆ ಇದು. ಧಾರವಾಡದಲ್ಲಿ ನೋಂದಾಯಿಸಿಕೊಂಡ ಸಂಶೋಧನಾರ್ಥಿ ಗದಗ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಅಧ್ಯಯನ ಮಾಡುತ್ತಾರೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ನೀಲಿ ಗುಳಿಗೆಯನ್ನು ತಪ್ಪದೆ ನುಂಗುವ ಹುಡುಗಿಯರಿಗೂ ತಪ್ಪಿಸುವವರಿಗೂ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ವ್ಯತ್ಯಾಸವಿದೆ ಎಂಬುದು ಪ್ರಶ್ನೆ. ಅಂಕಿಗಳು ಲೆಕ್ಕ ತೋರಿಸಲು ಕಟ್ಟಿಕೊಂಡವು. ಅವನ್ನು ಯಾರೂ ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಬಳಸಬಾರದು.

ಮಾದರಿ ಗಾತ್ರವನ್ನು ನಡುವೆ ಬದಲಿಸುವುದು ತಪ್ಪಲ್ಲವೇ?

ಯಾವುದನ್ನು ನೋಡಿ ಬದಲಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಹಿಮೋಗ್ಲೋಬಿನ್ ಹುಡುಗಿಯಿಂದ ಹುಡುಗಿಗೆ ಎಷ್ಟು ಏರುಪೇರಾಗುತ್ತದೆ, ಕರೆದವರಲ್ಲಿ ಎಷ್ಟು ಜನ ಬರುವುದಿಲ್ಲ, ಅಳತೆ ಎಷ್ಟು ತಪ್ಪುತ್ತದೆ, ಇವುಗಳನ್ನು ನೋಡಿ ಬದಲಿಸಿದರೆ ತಪ್ಪಿಲ್ಲ. ಪೈಲಟ್ ಮಾಡುವುದೇ ಅದಕ್ಕೆ. ಎರಡು ಗುಂಪುಗಳ ನಡುವೆ ಪೈಲಟ್‌ನಲ್ಲಿ ಕಂಡ ವ್ಯತ್ಯಾಸವನ್ನು ನೋಡಿ ಬದಲಿಸಿದರೆ ಮಾತ್ರ ತೊಂದರೆ. ಅದನ್ನು ಮುಂದೆ ಬೇರೆಯಾಗಿ ಹೇಳಿದೆ.

ಇನ್ನೊಂದು ಷರತ್ತೂ ಇದೆ. ಬದಲಾವಣೆ ಮುಖ್ಯ ದತ್ತಾಂಶ ಸಂಗ್ರಹಕ್ಕೆ ಮೊದಲೇ ಆಗಬೇಕು. ಅರ್ಧ ಶಾಲೆ ಮುಗಿಸಿ, ಫಲಿತಾಂಶ ಇಣುಕಿ ನೋಡಿ, "ಇನ್ನೊಂದು ಐವತ್ತು ಸೇರಿಸಿದರೆ ವ್ಯತ್ಯಾಸ ಬರಬಹುದು" ಎಂದು ಸೇರಿಸುವುದು ಬೇರೆಯದೇ ಕೆಲಸ. ಅದಕ್ಕೆ ಈ ಪತ್ರ ರಕ್ಷಣೆ ಕೊಡುವುದಿಲ್ಲ. ಅದಕ್ಕೇ ಪತ್ರದ ಮೇಲಿನ ದಿನಾಂಕಕ್ಕೆ ಒಳಗಿನ ಲೆಕ್ಕದಷ್ಟೇ ಬೆಲೆಯಿದೆ.

ಮೊದಲಿನ 102 ಎಲ್ಲಿಂದ ಬಂದಿತ್ತು?

ಎರಡು ಗುಂಪುಗಳ ಸರಾಸರಿಯನ್ನು ಹೋಲಿಸುವಾಗ ಪ್ರತಿ ಗುಂಪಿಗೆ ಬೇಕಾದ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಹೀಗೆ ತೆಗೆಯಬಹುದು:

```
n = 15.7 × SD² ÷ d²
```

SD ಎಂದರೆ ಮಾನಕ ವಿಚಲನೆ, ಅಂದರೆ ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದು. d ಎಂದರೆ ನಾವು ಪತ್ತೆ ಹಚ್ಚಲೇಬೇಕು ಎಂದುಕೊಂಡ ಕನಿಷ್ಠ ವ್ಯತ್ಯಾಸ. 15.7 ಬರುವುದು 1.96 ಮತ್ತು 0.84 ಕೂಡಿಸಿ, ವರ್ಗ ಮಾಡಿ, ಎರಡರಿಂದ ಗುಣಿಸಿದಾಗ. ಮೊದಲನೆಯದು ಶೇ. 5ರ ಮಟ್ಟಕ್ಕೆ, ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಅಪಾಯವನ್ನು ಶೇ. 5ಕ್ಕೆ ಇಡುವುದಕ್ಕೆ, ಎರಡನೆಯದು ಶೇ. 80ರ ಪವರ್‌ಗೆ. ಪವರ್ ಶೇ. 80 ಎಂದರೆ ಆ ವ್ಯತ್ಯಾಸ ನಿಜವಾಗಿ ಇದ್ದರೆ, ಇಂಥ 100 ಅಧ್ಯಯನಗಳಲ್ಲಿ 80ರಷ್ಟು ಅದನ್ನು ಹಿಡಿಯುತ್ತವೆ ಎಂದರ್ಥ.

ಪ್ರಸ್ತಾವನೆಯಲ್ಲಿ ಹಳೆಯ ಪ್ರಬಂಧವೊಂದನ್ನು ನೋಡಿ ಮಾನಕ ವಿಚಲನೆ 1.2 ಗ್ರಾಂ ಎಂದು ಇಟ್ಟುಕೊಂಡಿದ್ದರು. ವ್ಯತ್ಯಾಸ, ಪ್ರತಿ ಡೆಸಿಲೀಟರ್‌ಗೆ 0.5 ಗ್ರಾಂ. 15.7 × 1.44 ÷ 0.25 ಮಾಡಿದರೆ 90.4, ಅಂದರೆ 91. ಶೇ. 10 ಜನ ಬಿಟ್ಟುಹೋಗಬಹುದು ಎಂದು 0.9ರಿಂದ ಭಾಗಿಸಿದರೆ 102. ಎರಡೂ ಗುಂಪು ಸೇರಿ 204.

ಈ ಲೆಕ್ಕದಲ್ಲಿ ತಪ್ಪಿಲ್ಲ. ಒಳಗೆ ಹಾಕಿದ ಎರಡು ಊಹೆಗಳು, 1.2 ಮತ್ತು ಶೇ. 10, ಗದಗಿನ ಶಾಲೆಗಳಲ್ಲಿ ನಿಲ್ಲಲಿಲ್ಲ. ಪತ್ರದಲ್ಲಿ ಇದನ್ನು ಹೀಗೇ ಹೇಳಬೇಕು. "ಮೊದಲಿನ ಲೆಕ್ಕ ತಪ್ಪಾಗಿತ್ತು, ಕ್ಷಮಿಸಿ" ಎಂದು ಬರೆದವರನ್ನು ಸಮಿತಿ ಬೇರೆ ಲೆಕ್ಕಗಳ ಬಗ್ಗೆಯೂ ಕೇಳಲು ಶುರುಮಾಡುತ್ತದೆ.

ಪೈಲಟ್‌ನಲ್ಲಿ ಏನು ಕಂಡಿತು?

ಎರಡು ಶಾಲೆಗಳಲ್ಲಿ 40 ಹುಡುಗಿಯರನ್ನು ಕರೆದದ್ದಕ್ಕೆ 32 ಜನರ ಅಳತೆ ಸಿಕ್ಕಿತು, ಗುಂಪಿಗೆ 16. ಒಂದು ಗುಂಪಿನ ಮಾನಕ ವಿಚಲನೆ 1.5, ಇನ್ನೊಂದರದು 1.7. ಎರಡರ ವರ್ಗಗಳ ಸರಾಸರಿ ತೆಗೆದು ವರ್ಗಮೂಲ ಮಾಡಿದರೆ 1.6.

ಇಲ್ಲಿ ಹಲವರು ಜಾರುತ್ತಾರೆ. 32 ಜನರನ್ನೂ ಒಂದೇ ಕಾಲಂನಲ್ಲಿ ಹಾಕಿ ಎಕ್ಸೆಲ್‌ನಲ್ಲಿ ಮಾನಕ ವಿಚಲನೆ ತೆಗೆದುಬಿಡುತ್ತಾರೆ. ಹಾಗೆ ಮಾಡಿದರೆ ಗುಂಪುಗಳ ನಡುವಿನ ಅಂತರವೂ ಏರುಪೇರಿನ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ. ಗುಂಪಿನೊಳಗಿನ ಏರುಪೇರನ್ನು ಬೇರೆ ಬೇರೆ ತೆಗೆದು ಆಮೇಲೆ ಕೂಡಿಸಬೇಕು.

1.6 ಹಾಕಿದರೆ 15.7 × 2.56 ÷ 0.25, ಅಂದರೆ ಗುಂಪಿಗೆ 161. ಬಹುಪಾಲು ಪತ್ರಗಳು ಇಲ್ಲಿಗೇ ಮುಗಿಯುತ್ತವೆ: "ವಿಚಲನೆ ಹೆಚ್ಚಾಯಿತು, ಮಾದರಿ ಹೆಚ್ಚಿಸಿದೆ." ಆದರೆ ಒಳ್ಳೆಯ ಮಾರ್ಗದರ್ಶಕರು ಮುಂದಿನ ಪ್ರಶ್ನೆ ಕೇಳುತ್ತಾರೆ: ವಿಚಲನೆ ಯಾಕೆ ಹೆಚ್ಚಾಯಿತು?

ಹೌದು, ಯಾಕೆ ಹೆಚ್ಚಾಯಿತು? ಅದನ್ನು ಹೇಗೆ ಕಂಡುಹಿಡಿಯುವುದು?

ಕಣ್ಣಿಗೆ ಬೀಳುವ ಏರುಪೇರಿನಲ್ಲಿ ಎರಡು ಪಾಲು ಕೂಡಿವೆ. ಹುಡುಗಿಯರ ರಕ್ತದಲ್ಲೇ ಇರುವ ನಿಜವಾದ ವ್ಯತ್ಯಾಸ ಒಂದು. ಬೆರಳು ಚುಚ್ಚಿ ಅಳೆಯುವಾಗ ಆಗುವ ಹೆಚ್ಚುಕಡಿಮೆ ಇನ್ನೊಂದು. ಮೊದಲನೆಯದನ್ನು ನಾವು ಬದಲಿಸಲಾರೆವು. ಎರಡನೆಯದನ್ನು ಸರಿಪಡಿಸಬಹುದು, ಮತ್ತು ಸರಿಪಡಿಸದೆ ಜನ ಹೆಚ್ಚಿಸುವುದು ತೂತು ಕೊಡಕ್ಕೆ ಎರಡು ಬಿಂದಿಗೆ ಹೆಚ್ಚು ನೀರು ಹಾಕಿದಂತೆ.

ಬೇರ್ಪಡಿಸುವ ದಾರಿ ಸರಳ. ಪೈಲಟ್‌ನಲ್ಲೇ 10 ಹುಡುಗಿಯರಿಗೆ, ಒಪ್ಪಿಗೆ ಪಡೆದು, ಎರಡು ಕೈಗಳ ಬೆರಳಿನಿಂದ ಒಂದೇ ಹೊತ್ತಿನಲ್ಲಿ ಎರಡು ಸಲ ಅಳೆಯಬೇಕು. ಒಬ್ಬಳ ಒಂದು ಕೈ 10.9 ತೋರಿಸಿ ಇನ್ನೊಂದು ಕೈ 12.3 ತೋರಿಸಿದರೆ, ಐದು ನಿಮಿಷದಲ್ಲಿ ಅವಳ ರಕ್ತ ಬದಲಾಗಿಲ್ಲ, ಅಳತೆ ಬದಲಾಗಿದೆ. ಪ್ರತಿ ಜೋಡಿಯ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ಕೂಡಿಸಿ, ಜೋಡಿಗಳ ಸಂಖ್ಯೆಯ ಎರಡು ಪಟ್ಟಿನಿಂದ ಭಾಗಿಸಬೇಕು. ಉದಾಹರಣೆಯಲ್ಲಿ ಮೊತ್ತ 12.8 ಬಂತು. 20ರಿಂದ ಭಾಗಿಸಿದರೆ 0.64. ಅಂದರೆ ಒಟ್ಟು 2.56ರಲ್ಲಿ 0.64, ಸರಿಯಾಗಿ ಕಾಲುಭಾಗ, ಕೈಕೆಲಸದ ದೋಷ. ಉಳಿದ 1.92 ಹುಡುಗಿಯರದು.

ದೋಷ ಎಲ್ಲಿಂದ ಎಂಬುದು ಸ್ಥಳದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಚಳಿಗಾಲದ ಬೆಳಗಿನ ಹೊತ್ತು ಹುಡುಗಿಯರ ಬೆರಳು ತಣ್ಣಗಿರುತ್ತವೆ, ರಕ್ತದ ಹನಿ ಬರುವುದಿಲ್ಲ. ಅಳೆಯುವವರು ಬೆರಳನ್ನು ಹಿಂಡುತ್ತಾರೆ. ಹಿಂಡಿದರೆ ರಕ್ತದ ಜತೆ ಅಂಗಾಂಶದ ನೀರೂ ಬೆರೆತು ಅಳತೆ ಕಡಿಮೆ ಬರುತ್ತದೆ. ಕೆಲವರ ಬೆರಳು ಹಿಂಡುತ್ತಾರೆ, ಕೆಲವರದು ಇಲ್ಲ, ಅಲ್ಲಿಗೆ ಏರುಪೇರು ಹುಟ್ಟಿತು. ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ, ಮೊದಲ ಹನಿ ಒರೆಸದೆ ಅದನ್ನೇ ತೆಗೆದುಕೊಂಡರೆ, ರಕ್ತದ ಹನಿ ತುಂಬಿಸುವ ಪುಟ್ಟ ಕ್ಯುವೆಟ್‌ನಲ್ಲಿ ಗಾಳಿಗುಳ್ಳೆ ಉಳಿದರೆ, ಅರ್ಧ ತುಂಬಿದ ಕ್ಯುವೆಟ್‌ಗೆ ಮತ್ತೆ ಹನಿ ಮುಟ್ಟಿಸಿದರೆ ಅಳತೆ ಕೆಡುತ್ತದೆ. ಕ್ಯುವೆಟ್ ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ತಗುಲಿದರೂ ಅದೇ ಗತಿ.

ಮದ್ದು ಇಷ್ಟು: ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆಸಿ ಒರೆಸುವುದು, ಉಂಗುರದ ಬೆರಳು ಅಥವಾ ನಡುಬೆರಳಿನ ತುದಿಯ ಪಕ್ಕಕ್ಕೆ ಸಾಕಷ್ಟು ಆಳವಾಗಿ ಒಂದೇ ಸಲ ಚುಚ್ಚುವುದು, ಮೊದಲ ಎರಡು ಹನಿ ಒರೆಸಿ ಮೂರನೆಯದನ್ನು ತೆಗೆದುಕೊಳ್ಳುವುದು, ಕ್ಯುವೆಟ್ ಒಂದೇ ಸಲಕ್ಕೆ ತುಂಬುವುದು. ಅಳೆಯುವವರು ಇಬ್ಬರಿದ್ದರೆ ಇಬ್ಬರೂ ಒಂದೇ ರೀತಿ ಮಾಡಬೇಕು. "ಬೆರಳ ಹಿಂಡಬ್ಯಾಡ್ರಿ" ಎಂದು ಮೇಜಿನ ಮೇಲೊಂದು ಚೀಟಿ ಅಂಟಿಸಿದರೂ ಪರವಾಗಿಲ್ಲ, ಅದು ಕೆಲಸ ಮಾಡುತ್ತದೆ.

ತರಬೇತಿ ಕೊಟ್ಟ ಮೇಲೆ ಕಡಿಮೆ ವಿಚಲನೆಯನ್ನೇ ಲೆಕ್ಕಕ್ಕೆ ಹಿಡಿಯಬಹುದೇ?

"ಮುಂದೆ ಚೆನ್ನಾಗಿ ಅಳೆಯುತ್ತೇವೆ" ಎಂಬ ಭರವಸೆಯ ಮೇಲೆ ಹಿಡಿಯಬಾರದು. ಮತ್ತೆ ಅಳೆದು ತೋರಿಸಿದರೆ ಹಿಡಿಯಬಹುದು. ಉದಾಹರಣೆಯಲ್ಲಿ ತರಬೇತಿಯ ನಂತರ ಬೇರೆ 15 ಹುಡುಗಿಯರಿಗೆ ಜೋಡಿ ಅಳತೆ ಮಾಡಿದರು. ವ್ಯತ್ಯಾಸಗಳ ವರ್ಗಗಳ ಮೊತ್ತ 4.8, ಅದನ್ನು 30ರಿಂದ ಭಾಗಿಸಿದರೆ 0.16. ಹುಡುಗಿಯರ 1.92ಕ್ಕೆ ಇದನ್ನು ಕೂಡಿಸಿದರೆ 2.08. ಸೂತ್ರಕ್ಕೆ ಹಾಕಿದರೆ 161 ಇದ್ದದ್ದು 131ಕ್ಕೆ ಇಳಿಯುತ್ತದೆ. ಗುಂಪಿಗೆ 30 ಹುಡುಗಿಯರು, ಎರಡು ಗುಂಪಿಗೆ 60, ಬರೀ ಬೆರಳು ಹಿಂಡದೆ ಉಳಿದರು.

ಮರು ಅಳತೆಗೆ ಸಮಯವಿಲ್ಲದಿದ್ದರೆ 1.6 ಅನ್ನೇ ಇಟ್ಟುಕೊಳ್ಳಿ.

ಹಾಗಾದರೆ 131 ಸಾಕಲ್ಲ, ಅದನ್ನು 168ಕ್ಕೆ ಏರಿಸುವುದು ಯಾಕೆ?

ಪೈಲಟ್‌ನ ಮಾನಕ ವಿಚಲನೆಯೂ ಒಂದು ಅಂದಾಜೇ. 32 ಜನರಿಂದ ಬಂದ ಅಂದಾಜು ನಿಜಕ್ಕಿಂತ ಕಡಿಮೆ ಇರುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಅದನ್ನು ಇದ್ದ ಹಾಗೇ ಬಳಸಿದರೆ, ನಿಜವಾದ ಏರುಪೇರು ಹೆಚ್ಚಿದ್ದಾಗ ಮುಖ್ಯ ಅಧ್ಯಯನದ ಪವರ್ ಶೇ. 80ಕ್ಕಿಂತ ಕೆಳಗೆ ಬೀಳುತ್ತದೆ. ಅದಕ್ಕಾಗಿ ಅಂದಾಜಿನ ಬದಲು ಅದರ ಮೇಲಿನ ಮಿತಿಯನ್ನು, ಸಾಮಾನ್ಯವಾಗಿ ಒಂದು ಬದಿಯ ಶೇ. 80ರ ಮಿತಿಯನ್ನು, ಬಳಸುವ ರೂಢಿಯಿದೆ.

ಲೆಕ್ಕ ಕಷ್ಟವಲ್ಲ. 32 ಜನ, ಎರಡು ಗುಂಪು, ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ 30. ಕೈ-ಸ್ಕ್ವೇರ್ ಕೋಷ್ಟಕದಲ್ಲಿ 30ಕ್ಕೆ ಕೆಳಗಿನ ಶೇ. 20ರ ಬೆಲೆ 23.36. 30 ÷ 23.36 ಮಾಡಿದರೆ 1.284. ವಿಚಲನೆಯ ವರ್ಗವನ್ನು ಇದರಿಂದ ಗುಣಿಸಬೇಕು: 2.08 × 1.284 = 2.67. ಸೂತ್ರಕ್ಕೆ ಹಾಕಿದರೆ 15.7 × 2.67 ÷ 0.25, ಅಂದರೆ 168. (2.08 ಎಂಬುದು ಎರಡು ಅಳತೆಗಳಿಂದ ಜೋಡಿಸಿದ ಸಂಖ್ಯೆ, ಹಾಗಾಗಿ ಇಲ್ಲಿ ಈ ಗುಣಕ ಅಂದಾಜಿನದು. ಆ ಮಾತನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ಒಪ್ಪಿಕೊಳ್ಳುವುದು ಒಳ್ಳೆಯದು.)

ಪೈಲಟ್ ಚಿಕ್ಕದಾದಷ್ಟೂ ಈ ಗುಣಕ ದೊಡ್ಡದಾಗುತ್ತದೆ. ಗುಂಪಿಗೆ ಐದಾರು ಜನರ ಪೈಲಟ್ ಮಾಡಿ ವಿಚಲನೆ ತೆಗೆಯುವವರಿಗೆ ಇದೇ ಉತ್ತರ: ಉಳಿಸಿದ ಶ್ರಮಕ್ಕಿಂತ ಹೆಚ್ಚಿನದನ್ನು ಮುಖ್ಯ ಅಧ್ಯಯನದಲ್ಲಿ ತೆರಬೇಕಾಗುತ್ತದೆ.

ತಂತ್ರಾಂಶ 169 ತೋರಿಸುತ್ತದೆ. ಯಾವುದು ಸರಿ?

ಎರಡೂ ಸರಿ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಈ ಸಾಲು ಹಾಕಿದರೆ ಉತ್ತರ 168.6ರ ಆಸುಪಾಸು ಬರುತ್ತದೆ:

```r
power.t.test(delta = 0.5, sd = sqrt(2.67), power = 0.80)
```

ತಂತ್ರಾಂಶ ಟಿ-ವಿತರಣೆ ಬಳಸುತ್ತದೆ, ಕೈಲೆಕ್ಕ ಸಾಮಾನ್ಯ ವಿತರಣೆ ಬಳಸುತ್ತದೆ, ವ್ಯತ್ಯಾಸ ಒಬ್ಬರದು. ಯಾವುದನ್ನು ಬಳಸಿದಿರೋ ಅದನ್ನು ಹೆಸರಿಸಿ, ಪ್ರಬಂಧದ ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ಪತ್ರದಲ್ಲಿ 168, ಮೂರನೇ ಅಧ್ಯಾಯದಲ್ಲಿ 169 ಎಂದಾದರೆ ಮೌಖಿಕ ಪರೀಕ್ಷೆಯಲ್ಲಿ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ.

168 ಇದ್ದದ್ದು 210 ಆದದ್ದು ಹೇಗೆ?

ಕರೆದ 40ರಲ್ಲಿ 8 ಜನ ಸಿಗಲಿಲ್ಲ. ಐವರ ಪಾಲಕರ ಒಪ್ಪಿಗೆ ಪತ್ರ ಮನೆಯಿಂದ ವಾಪಸ್ ಬರಲಿಲ್ಲ, ಇಬ್ಬರು ಆ ದಿನ ಶಾಲೆಗೆ ಬರಲಿಲ್ಲ, ಒಬ್ಬಳು ಸೂಜಿ ನೋಡಿ ಬೇಡ ಎಂದಳು. ಬೇಡ ಎಂದವಳನ್ನು ಒಪ್ಪಿಸಲು ಹೋಗಬಾರದು. ಪಾಲಕರ ಒಪ್ಪಿಗೆ ಇದ್ದರೂ ಹುಡುಗಿಯ ಸಮ್ಮತಿ ಬೇರೆ ಬೇಕು.

ಹಾಗಾಗಿ ನಷ್ಟ ಶೇ. 20. ಈಗ 168ನ್ನು 0.8ರಿಂದ ಭಾಗಿಸಬೇಕು, 210 ಬರುತ್ತದೆ. ಅನೇಕರು 168ಕ್ಕೆ ಅದರದೇ ಶೇ. 20 ಕೂಡಿಸಿ 202 ಎಂದು ಬರೆಯುತ್ತಾರೆ. 202 ಜನರನ್ನು ಕರೆದು ಐದರಲ್ಲಿ ಒಬ್ಬರು ಬಿಟ್ಟರೆ ಉಳಿಯುವುದು 161 ಅಥವಾ 162, ಬೇಕಾದದ್ದು 168. ಚಿಕ್ಕ ತಪ್ಪು, ಆದರೆ ಪರೀಕ್ಷಕರು ಮೊದಲು ಹಿಡಿಯುವುದು ಇದನ್ನೇ.

ಒಪ್ಪಿಗೆ ಪತ್ರವನ್ನು ಮಕ್ಕಳ ಕೈಯಲ್ಲಿ ಕಳಿಸುವ ಬದಲು ಪಾಲಕರ ಸಭೆಯ ದಿನ ಶಾಲೆಯಲ್ಲೇ ಓದಿ ಹೇಳಿ ಸಹಿ ಪಡೆದರೆ ಈ ಶೇ. 20 ಇಳಿಯಬಹುದು. ಆದರೂ ಇಳಿಸಿ ಬರೆಯದಿರುವುದು ಜಾಣತನ. ಮುಖ್ಯ ಸಂಗ್ರಹ ಜನವರಿ, ಫೆಬ್ರವರಿಯಲ್ಲಿ ಬಿದ್ದರೆ ಅದು ಕೆಂಪು ಮೆಣಸಿನಕಾಯಿ ಬಿಡಿಸುವ ಕಾಲ. ತಾಯಿ ಹೊಲಕ್ಕೆ ಹೋದರೆ ಮಗಳೂ ಹೊಲದಲ್ಲಿರುತ್ತಾಳೆ, ಇಲ್ಲವೇ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರುತ್ತಾಳೆ. ಗೈರಾಗುವವರು ಹೆಚ್ಚಾಗುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ಹೀಗೆ ಗೈರಾಗುವ ಹುಡುಗಿಯರೇ ಗುಳಿಗೆ ತಪ್ಪಿಸುವವರೂ ಆಗಿರಬಹುದು ಎಂಬುದು ಇನ್ನೂ ದೊಡ್ಡ ತೊಡಕು. ಸಂಖ್ಯೆ ಹೆಚ್ಚಿಸಿದರೆ ಅದು ಹೋಗುವುದಿಲ್ಲ. ಗೈರಾದವರಿಗಾಗಿ ಪ್ರತಿ ಶಾಲೆಗೂ ಎರಡನೇ ಸಲ ಹೋಗುವ ದಿನ ಇಟ್ಟುಕೊಳ್ಳಬೇಕು.

ಪೈಲಟ್‌ನಲ್ಲಿ 0.9 ಗ್ರಾಂ ವ್ಯತ್ಯಾಸ ಕಂಡಿತ್ತು. 0.5ರ ಬದಲು ಅದನ್ನೇ ಹಾಕಿದರೆ ಮಾದರಿ ಕಡಿಮೆಯಾಗುತ್ತದಲ್ಲ?

ಆಗುತ್ತದೆ. 15.7 × 2.56 ÷ 0.81, ಗುಂಪಿಗೆ ಬರೀ 50. ಪೈಲಟ್ ಮಾಡಿದವರಿಗೆಲ್ಲ ಒಮ್ಮೆಯಾದರೂ ಈ ಆಸೆ ಹುಟ್ಟುತ್ತದೆ.

ಆದರೆ ಗುಂಪಿಗೆ 16 ಜನರಿಂದ ಬಂದ ಆ 0.9 ಎಷ್ಟು ಗಟ್ಟಿ ಎಂದು ನೋಡಿ. ವಿಚಲನೆ 1.6 ಇದ್ದಾಗ ಅದರ ಮಾನಕ ದೋಷ 0.57ರ ಹತ್ತಿರ. ಶೇ. 95ರ ವಿಶ್ವಾಸಾಂತರ −0.26ರಿಂದ 2.06ರವರೆಗೆ ಹಬ್ಬುತ್ತದೆ. ವ್ಯತ್ಯಾಸವೇ ಇಲ್ಲ ಎಂಬುದರಿಂದ ಹಿಡಿದು ಎರಡು ಗ್ರಾಂವರೆಗೆ ಯಾವುದೂ ಇರಬಹುದು. 50 ಜನರನ್ನು ಇಟ್ಟುಕೊಂಡು ಹೋದಾಗ ನಿಜವಾದ ವ್ಯತ್ಯಾಸ 0.5 ಮಾತ್ರ ಇದ್ದರೆ, ಅದನ್ನು ಹಿಡಿಯುವ ಸಾಧ್ಯತೆ ಶೇ. 34ರಷ್ಟು. ಅಂದರೆ ಮೂರರಲ್ಲಿ ಎರಡು ಸಲ "ಗುಳಿಗೆಯಿಂದ ವ್ಯತ್ಯಾಸ ಕಾಣಲಿಲ್ಲ" ಎಂದು ಪ್ರಬಂಧ ಬರೆಯಬೇಕಾಗುತ್ತದೆ.

0.5 ಎಂಬುದು ಪೈಲಟ್‌ನಿಂದ ಬರಬೇಕಾದ ಸಂಖ್ಯೆಯೇ ಅಲ್ಲ. ಎಷ್ಟು ವ್ಯತ್ಯಾಸವಿದ್ದರೆ ಅದಕ್ಕೆ ಪೌಷ್ಟಿಕತೆಯ ದೃಷ್ಟಿಯಿಂದ ಬೆಲೆಯಿದೆ ಎಂದು ವಿಷಯ ಬಲ್ಲವರು ಮೊದಲೇ ನಿರ್ಧರಿಸಬೇಕು. ಪತ್ರದಲ್ಲಿ "ಪತ್ತೆ ಹಚ್ಚಬೇಕಾದ ವ್ಯತ್ಯಾಸವನ್ನು ಬದಲಿಸಿಲ್ಲ" ಎಂಬ ಒಂದು ವಾಕ್ಯ ಇರಲೇಬೇಕು. ಮಾರ್ಗದರ್ಶಕರು ಅದನ್ನೇ ಹುಡುಕುತ್ತಾರೆ.

384 ಯಾಕಲ್ಲ? ಎಲ್ಲರೂ 384 ತಾನೆ ತೆಗೆದುಕೊಳ್ಳುವುದು?

384 ಎಂಬುದು ಕ್ರೇಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕದ ಕೊನೆಯ ಸಾಲಿನಿಂದ ಬಂದು ನಮ್ಮ ಪ್ರಬಂಧಗಳಲ್ಲಿ ನೆಲೆಯೂರಿದ ಸಂಖ್ಯೆ. ದೊಡ್ಡ ಜನಸಮೂಹದಲ್ಲಿ ಒಂದು ಪ್ರಮಾಣವನ್ನು, ಅಂದರೆ "ಶೇಕಡಾ ಎಷ್ಟು ಜನ" ಎಂಬುದನ್ನು, ಐದು ಶೇಕಡಾಂಶ ಆಚೀಚೆಯೊಳಗೆ ಅಂದಾಜು ಮಾಡಲು ಅದು ಬೇಕು. ಪ್ರಮಾಣ ಶೇ. 50 ಎಂದು ಹಿಡಿದು, ಸರಳ ಯಾದೃಚ್ಛಿಕ ಆಯ್ಕೆ ಎಂದು ಹಿಡಿದು ಮಾಡಿದ ಲೆಕ್ಕ. "ಗದಗ ಜಿಲ್ಲೆಯಲ್ಲಿ ಎಷ್ಟು ಶೇಕಡಾ ಹುಡುಗಿಯರಿಗೆ ರಕ್ತಹೀನತೆ ಇದೆ" ಎಂಬ ಪ್ರಶ್ನೆಯಾದರೆ ಅದರ ಹತ್ತಿರ ಬರುತ್ತದೆ. ಎರಡು ಗುಂಪುಗಳ ಸರಾಸರಿ ಹೋಲಿಸುವ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಆ ಕೋಷ್ಟಕದಲ್ಲಿ ಮಾನಕ ವಿಚಲನೆಗೂ ಪವರ್‌ಗೂ ಜಾಗವೇ ಇಲ್ಲ.

ಒಂದೇ ಶಾಲೆಯ ಹುಡುಗಿಯರು ಒಂದೇ ರೀತಿ ಇರುತ್ತಾರೆ. ಅದನ್ನು ಲೆಕ್ಕಕ್ಕೆ ತರಬೇಡವೇ?

ಎರಡೂ ಗುಂಪಿನ ಹುಡುಗಿಯರನ್ನು ಪ್ರತಿ ಶಾಲೆಯಿಂದಲೂ ಸಮನಾಗಿ ತೆಗೆದುಕೊಂಡು, ವಿಶ್ಲೇಷಣೆಯಲ್ಲಿ ಶಾಲೆಯನ್ನೂ ಸೇರಿಸಿದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಉದಾಹರಣೆಯಲ್ಲಿ ಹಾಗೇ ಮಾಡಿದ್ದಾರೆ: 7 ಶಾಲೆ, ಪ್ರತಿಯೊಂದರಲ್ಲೂ 30 ಮತ್ತು 30.

ಇಡೀ ಶಾಲೆಯೇ ಒಂದು ಗುಂಪಿಗೆ ಸೇರಿದರೆ ಮಾತು ಬೇರೆ. ಆಗ ಸಂಖ್ಯೆಯನ್ನು ವಿನ್ಯಾಸ ಪರಿಣಾಮದಿಂದ, ಅಂದರೆ 1 + (m − 1) × ρ ಇಂದ, ಗುಣಿಸಬೇಕು. m, ಅಂದರೆ ಶಾಲೆಗೆ ಎಷ್ಟು ಜನ ಎಂಬುದು, 21, ಮತ್ತು ρ, ಅಂದರೆ ಒಂದೇ ಶಾಲೆಯವರ ನಡುವಿನ ಹೋಲಿಕೆ, 0.03 ಎಂದಾದರೆ 1.6 ಪಟ್ಟು, 168 ಹೋಗಿ 269. ಆ 0.03ನ್ನು ಎರಡು ಶಾಲೆಗಳ ಪೈಲಟ್‌ನಿಂದ ತೆಗೆಯಲು ಹೋಗಬೇಡಿ. ಎರಡು ಶಾಲೆಗಳಿಂದ ಬರುವ ಆ ಸಂಖ್ಯೆಯನ್ನು ನಂಬುವ ಹಾಗಿಲ್ಲ. ಹಿಂದಿನ ದೊಡ್ಡ ಅಧ್ಯಯನಗಳಿಂದ ತೆಗೆದುಕೊಳ್ಳಿ.

ಪತ್ರ ಹೇಗಿರಬೇಕು? ಒಂದು ಮಾದರಿ ಕೊಡಿ.

ಒಂದೂವರೆ ಪುಟ ಮೀರಬಾರದು. ಹಳೆಯ ಸಂಖ್ಯೆ, ಹೊಸ ಸಂಖ್ಯೆ ಮೊದಲ ಪ್ಯಾರಾದಲ್ಲೇ ಇರಬೇಕು. ಜೋಡಿ ಅಳತೆಯ ಹಾಳೆ ಮತ್ತು ಲೆಕ್ಕವನ್ನು ಅನುಬಂಧವಾಗಿ ಲಗತ್ತಿಸಬೇಕು.

> ಗೌರವಾನ್ವಿತ ಮೇಡಂ ಅವರಿಗೆ,
>
> ವಿಷಯ: ಪೈಲಟ್ ಅಧ್ಯಯನದ ನಂತರ ಮಾದರಿ ಗಾತ್ರದ ಪರಿಷ್ಕರಣೆ ಕುರಿತು
>
> ಅನುಮೋದಿತ ಪ್ರಸ್ತಾವನೆಯಲ್ಲಿ ಪ್ರತಿ ಗುಂಪಿಗೆ 102, ಒಟ್ಟು 204 ವಿದ್ಯಾರ್ಥಿನಿಯರು ಎಂದಿತ್ತು. ಇದನ್ನು ಪ್ರತಿ ಗುಂಪಿಗೆ 210, ಒಟ್ಟು 420 ಎಂದು ಪರಿಷ್ಕರಿಸಲು ತಮ್ಮ ಒಪ್ಪಿಗೆ ಕೋರುತ್ತೇನೆ. ಮುಖ್ಯ ದತ್ತಾಂಶ ಸಂಗ್ರಹ ಇನ್ನೂ ಆರಂಭವಾಗಿಲ್ಲ.
>
> ಕಾರಣಗಳು ಎರಡು. ಒಂದು, ಹಿಮೋಗ್ಲೋಬಿನ್‌ನ ಮಾನಕ ವಿಚಲನೆಯನ್ನು 1.2 ಎಂದು ಊಹಿಸಿದ್ದೆ. ಪೈಲಟ್‌ನಲ್ಲಿ (32 ವಿದ್ಯಾರ್ಥಿನಿಯರು, ಗುಂಪಿನೊಳಗೆ) ಅದು 1.6 ಬಂದಿದೆ. 10 ಜೋಡಿ ಅಳತೆಗಳಿಂದ ನೋಡಿದಾಗ ಈ ಏರುಪೇರಿನ ಕಾಲುಭಾಗ ಬೆರಳಿನಿಂದ ರಕ್ತ ತೆಗೆಯುವ ರೀತಿಯಿಂದ ಬಂದದ್ದು ಎಂದು ತಿಳಿಯಿತು. ವಿಧಾನ ಸರಿಪಡಿಸಿ ಬೇರೆ 15 ವಿದ್ಯಾರ್ಥಿನಿಯರಲ್ಲಿ ಮತ್ತೆ ಪರೀಕ್ಷಿಸಿದಾಗ ಅಳತೆಯ ದೋಷ 0.8ರಿಂದ 0.4ಕ್ಕೆ ಇಳಿದಿದೆ. ಇದರಂತೆ ನಿರೀಕ್ಷಿತ ವಿಚಲನೆ 1.44. ಪೈಲಟ್ ಚಿಕ್ಕದಾದ್ದರಿಂದ ಇದರ ಶೇ. 80ರ ಮೇಲಿನ ಮಿತಿಯನ್ನು (1.63) ಬಳಸಿದ್ದೇನೆ. ಎರಡು ಅಳತೆಗಳನ್ನು ಜೋಡಿಸಿರುವುದರಿಂದ ಈ ಮಿತಿ ಅಂದಾಜಿನದು. ಇದರಿಂದ ಪ್ರತಿ ಗುಂಪಿಗೆ 168 ಬೇಕಾಗುತ್ತದೆ.
>
> ಎರಡು, ಶೇ. 10 ನಷ್ಟ ಎಂದುಕೊಂಡಿದ್ದೆ. 40ರಲ್ಲಿ 8 ಜನ ಲಭ್ಯವಾಗಲಿಲ್ಲ, ಐವರ ಪಾಲಕರ ಒಪ್ಪಿಗೆ ಪತ್ರ ಬಾರದ್ದು ಮುಖ್ಯ ಕಾರಣ. ಶೇ. 20 ನಷ್ಟಕ್ಕೆ 168 ÷ 0.8 = 210.
>
> ಪತ್ತೆ ಹಚ್ಚಬೇಕಾದ ವ್ಯತ್ಯಾಸ (0.5 ಗ್ರಾಂ), ಶೇ. 5ರ ಮಟ್ಟ ಮತ್ತು ಶೇ. 80ರ ಪವರ್ ಬದಲಾಗಿಲ್ಲ. ಪೈಲಟ್‌ನಲ್ಲಿ ಗುಂಪುಗಳ ನಡುವೆ ಕಂಡ ವ್ಯತ್ಯಾಸವನ್ನು ಲೆಕ್ಕಕ್ಕೆ ಬಳಸಿಲ್ಲ. ಪೈಲಟ್‌ನ ಎರಡು ಶಾಲೆಗಳನ್ನೂ ಮರು ಅಳತೆಯ 15 ವಿದ್ಯಾರ್ಥಿನಿಯರನ್ನೂ ಮುಖ್ಯ ಅಧ್ಯಯನದಿಂದ ಹೊರಗಿಡುತ್ತೇನೆ.
>
> 7 ಶಾಲೆಗಳಲ್ಲಿ ತಲಾ 60 ವಿದ್ಯಾರ್ಥಿನಿಯರು. ದಿನಕ್ಕೆ 20ರಂತೆ 21 ದಿನ, ಗೈರಾದವರಿಗೆ ಪ್ರತಿ ಶಾಲೆಗೆ ಇನ್ನೊಂದು ದಿನ. 50ರ ಕ್ಯುವೆಟ್ ಡಬ್ಬಿ 10 ಬೇಕು. ತಾವು ಒಪ್ಪಿದರೆ ನೈತಿಕ ಸಮಿತಿಗೆ ತಿದ್ದುಪಡಿ ಅರ್ಜಿ ಸಲ್ಲಿಸುತ್ತೇನೆ. ಅವರ ಅನುಮತಿ ಬರುವವರೆಗೆ ಸಂಗ್ರಹ ಆರಂಭಿಸುವುದಿಲ್ಲ.
>
> ತಮ್ಮ ವಿಶ್ವಾಸಿ,
> (ಸಹಿ, ದಿನಾಂಕ, ನೋಂದಣಿ ಸಂಖ್ಯೆ)

ಪೈಲಟ್‌ನ 32 ಜನರನ್ನು ಮುಖ್ಯ ಮಾದರಿಗೆ ಸೇರಿಸಿ ಶ್ರಮ ಉಳಿಸಬಹುದಲ್ಲ?

ಈ ಪ್ರಕರಣದಲ್ಲಿ ಬೇಡ. ಅವರನ್ನು ಅಳೆದದ್ದು ಹಳೆಯ ರೀತಿಯಲ್ಲಿ, ಬೆರಳು ಹಿಂಡಿ. ಅಳೆಯುವ ವಿಧಾನವೂ ಪ್ರಶ್ನಾವಳಿಯೂ ಒಂದಿಷ್ಟೂ ಬದಲಾಗದಿದ್ದರೆ ಸೇರಿಸಬಹುದು, ಆದರೆ ಹಾಗೆ ಸೇರಿಸುತ್ತೇವೆ ಎಂದು ಪೈಲಟ್‌ಗೆ ಮೊದಲೇ ಬರೆದಿಟ್ಟಿರಬೇಕು.

ಪತ್ರ ಬೇಕೇ, ಮಾರ್ಗದರ್ಶಕರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದೇ?

ಹೇಳಿ, ಆಮೇಲೆ ಬರೆದೂ ಕೊಡಿ. ಅನುಮೋದಿತ ವಿಧಾನದಲ್ಲಿ ಬದಲಾವಣೆ ಮಾಡುವಾಗ ಜಾರಿಗೆ ತರುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. 204ಕ್ಕೆ ಅನುಮತಿ ಪಡೆದು 420 ಮಕ್ಕಳ ಬೆರಳು ಚುಚ್ಚಿದರೆ ಉಳಿದ 216 ಮಕ್ಕಳಿಗೆ ಅನುಮತಿಯೇ ಇಲ್ಲ. ತಿದ್ದುಪಡಿ ಅರ್ಜಿಯೊಂದಿಗೆ ಇದೇ ಪತ್ರದ ಪ್ರತಿ ಹೋಗುತ್ತದೆ. ಇನ್ನೊಂದು ವಿಷಯವನ್ನೂ ಅರ್ಜಿಯಲ್ಲಿ ಸೇರಿಸಬೇಕು. ಸಂಖ್ಯೆ ಎರಡು ಪಟ್ಟಾದರೆ ಹಿಮೋಗ್ಲೋಬಿನ್ 8 ಗ್ರಾಂಗಿಂತ ಕಡಿಮೆ ಇರುವ, ಅಂದರೆ ತೀವ್ರ ರಕ್ತಹೀನತೆಯ ಹುಡುಗಿಯರೂ ಹೆಚ್ಚು ಸಿಗುತ್ತಾರೆ. ಅವರನ್ನು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಯಾರ ಮೂಲಕ ಕಳಿಸುತ್ತೀರಿ ಎಂಬುದು ಮೊದಲೇ ಗೊತ್ತಿರಬೇಕು.

420 ನಮ್ಮ ಕೈಲಾಗದು ಎಂದು ಮಾರ್ಗದರ್ಶಕರು ಹೇಳಿದರೆ?

ಆಗ ಸೂತ್ರವನ್ನು ತಿರುಗಿಸಿ. ಗುಂಪಿಗೆ ಅಳತೆ ಸಿಗುವುದು 120 ಮಾತ್ರ ಎಂದಾದರೆ, 15.7 × 2.67 ÷ 120 ಮಾಡಿ ವರ್ಗಮೂಲ ತೆಗೆದರೆ 0.59. ಅಂದರೆ 0.6 ಗ್ರಾಂ ಅಥವಾ ಹೆಚ್ಚಿನ ವ್ಯತ್ಯಾಸವಿದ್ದರೆ ಹಿಡಿಯಬಹುದು, 0.5 ಇದ್ದರೆ ಅದೇ ಖಾತ್ರಿಯಿಲ್ಲ. ಇದನ್ನು ಪತ್ರದಲ್ಲಿ ಹಾಗೇ ಬರೆದು, 120ಕ್ಕೆ ಒಪ್ಪಿಕೊಂಡು ಮುಂದುವರಿಯಬಹುದು. ಗುಂಪಿಗೆ 120 ಸಿಗಬೇಕಾದರೆ 150 ಜನರನ್ನು ಕರೆಯಬೇಕು, ಒಟ್ಟು 300. ಬೇಡಾದದ್ದು ಇಷ್ಟೇ: ಬೇಕಾದ ಸಂಖ್ಯೆ ಬರುವವರೆಗೆ ವಿಚಲನೆಯನ್ನೋ ನಷ್ಟವನ್ನೋ ಸ್ವಲ್ಪ ಸ್ವಲ್ಪ ಒತ್ತುವುದು. ವಿಚಲನೆ 1.63ರ ಬದಲು 1.38 ಎಂದು ಬರೆದರೆ 120 ಬಂದೇ ಬರುತ್ತದೆ, ಆದರೆ ಮೌಖಿಕ ಪರೀಕ್ಷೆಯಲ್ಲಿ ಆ 1.38 ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಾರೆ.